ಮುನ್ನುಡಿಯಲ್ಲೇ ಗೊರಕೆ

ಗೆಳೆಯನೊಬ್ಬ ನಿದ್ದೆಯ ಬಗ್ಗೆ 11 ಜನರಿಂದ ಲೇಖನ ಬರೆಸಿ ಪುಸ್ತಕ ಮಾಡುತ್ತಿದ್ದಾನೆ. ಸಂಪಾದಕರ ಮಾತನ್ನು ನಮಗೆ ಓದಿ ಹೇಳಿದ. “ಮೊದಲನೇ ಲೇಖನದಲ್ಲಿ ಚರ್ಚಿಸಲಾಗಿದೆ, ಎರಡನೇ ಲೇಖನದಲ್ಲಿ ವಿವೇಚಿಸಲಾಗಿದೆ...” ಐದನೆಯದಕ್ಕೆ ನಾನು ಆಕಳಿಸಿದೆ.

“ನೋಡಿದ್ಯಾ, ವಿಷಯಕ್ಕೆ ತಕ್ಕ ಹಾಗಿದೆ!” ಅಂದ.

“ಇದು ಪರಿವಿಡಿ ಕಣೋ, ಅಂಗಿ ತೊಡಿಸಿದ್ದೀಯ ಅಷ್ಟೆ,” ಅಂದಳು ಕರಡು ತಿದ್ದುವ ಗೆಳತಿ. “ಒಂದೊಂದು ಲೇಖನ ಯಾವ ಪ್ರಶ್ನೆ ಕೇಳುತ್ತೆ, ಚೀಟಿಯಲ್ಲಿ ಬರಿ.”

ಅವನು ಚೀಟಿಗಳನ್ನು ‘ವೈದ್ಯಕೀಯ’, ‘ಇತಿಹಾಸ’, ‘ನಿದ್ದೆ ಮತ್ತು ಸಮಾಜ’ ಅಂತ ಮೂರು ಗುಂಪು ಮಾಡಿದ. ಅವಳು ಮೂರನೆಯದಕ್ಕೆ ಇತಿಹಾಸದ ಚೀಟಿ ಸೇರಿಸಿದಳು. ಯಾರಿಗೂ ಗೊತ್ತಾಗಲಿಲ್ಲ. “ಯಾವ ಚೀಟಿ ಬಂದರೂ ಒಗ್ಗುತ್ತೆ ಅಂದ್ರೆ ಅದು ವಿಷಯವಲ್ಲ, ಗೋಣಿಚೀಲ.”

ಆಮೇಲೆ ನಿಜವಾದ ಕೆಲಸ ಶುರುವಾಯಿತು. ಎರಡನೇ ಲೇಖನದ ವೈದ್ಯರು, ರಾತ್ರಿ ನಡುವೆ ಎಚ್ಚರವಾಗುವುದನ್ನು ತೊಂದರೆ ಅಂತಾರೆ. ಒಂಬತ್ತನೆಯವರು ಹಳೆಯ ಕಾಲದ ಯುರೋಪಿನಲ್ಲಿ ಜನ ಎರಡು ಕಂತಿನಲ್ಲಿ ಮಲಗುತ್ತಿದ್ದರು, ನಡುವಿನ ಎಚ್ಚರ ಸಹಜ ಅಂತಾರೆ. ಇವನು ಇಬ್ಬರನ್ನೂ ಏಳು ಪ್ಯಾರಾ ದೂರ ಕೂರಿಸಿದ್ದ.

“ಜಗಳ ಆಗಬಾರದು ಅಂತ.”

“ಜಗಳವೇ ನಿನ್ನ ಪುಸ್ತಕ, ಮಾರಾಯ! ‘ಒಳ್ಳೆಯ ನಿದ್ದೆ ಯಾವುದು ಅಂತ ಹೇಳುವವರು ಯಾರು?’ ಈ ಪ್ರಶ್ನೆ ಇಟ್ಟು ಇಬ್ಬರನ್ನೂ ಒಂದೇ ಪ್ಯಾರಾದಲ್ಲಿ ತಾ. ಎಲ್ಲಿ ಒಪ್ಪುವುದಿಲ್ಲ ಅಂತ ಹೇಳು, ತೀರ್ಪು ಕೊಡಬೇಡ.”

ರಾತ್ರಿ ಪಾಳಿಯವರು, ಹಸುಗೂಸಿನ ತಾಯಂದಿರು, ಬೀದಿಯಲ್ಲಿ ಮಲಗುವವರು ‘ನಿದ್ದೆ ಯಾರಿಗೆ ದಕ್ಕುತ್ತೆ?’ ಅನ್ನುವುದರ ಕೆಳಗೆ ತಾವಾಗಿಯೇ ಬಂದರು. ಜೋಗುಳದ ಲೇಖನ ಮಾತ್ರ ಎಲ್ಲೂ ಒಗ್ಗಲಿಲ್ಲ. ಬಲವಂತವಾಗಿ ತುರುಕಿದರೆ ಅದು ಹೇಳದ ಮಾತನ್ನು ಅದರ ಬಾಯಿಗೆ ಹಾಕಿದಂತೆ. ಉಳಿದವರು ನಿದ್ದೆಯನ್ನು ಅಳೆಯುತ್ತಾರೆ, ಇದೊಂದು ನಿದ್ದೆ ಬರಿಸುವುದರ ಬಗ್ಗೆ ಇದೆ, ಅದಕ್ಕೇ ಕೊನೆಯಲ್ಲಿದೆ ಅಂತ ನೇರವಾಗಿ ಬರೆದ.

ಇನ್ನು ಉದ್ದೇಶ. ಮೊದಲ ಸಾಲು, ‘ಮನುಷ್ಯನಿಗೆ ನಿದ್ದೆ ಅತ್ಯಗತ್ಯ.’ ಅವಳು ಹೊಡೆದು ಹಾಕಿ, “ಈ ಪುಸ್ತಕ ಯಾಕೆ?” ಅಂದಳು.

“ಲೇಖನಗಳು ಬಂದುಬಿಟ್ಟವು.”

ಇಷ್ಟು ಪ್ರಾಮಾಣಿಕ ಉದ್ದೇಶ ನಾನು ಯಾವ ಮುನ್ನುಡಿಯಲ್ಲೂ ಓದಿಲ್ಲ. ಇನ್ನೊಂದು ಗಂಟೆ ಕಾಡಿದ ಮೇಲೆ ಬರೆದ: ‘ನಿದ್ದೆ ಬರದವರಿಗೆ ಸಲಹೆ ಕೊಡುವ ಪುಸ್ತಕಗಳಿವೆ. ನಿದ್ದೆ ಮಾಡಲು ಬಿಡದ ಕೆಲಸ, ಮನೆ, ಬೀದಿಗಳ ಬಗ್ಗೆ ಮಾತಾಡಲು ಈ ಪುಸ್ತಕ. ಸಲಹೆ ಬೇಕಾದವರಿಗೆ ಇದರಲ್ಲಿ ಏನೂ ಇಲ್ಲ.’

“ಕೊನೇ ಸಾಲು ಇರಲಿ,” ಅಂದಳು. “ಏನಿಲ್ಲ ಅಂತ ಹೇಳಿದ್ರೆ ಆಮೇಲೆ ಬೈಗುಳ ಕಡಿಮೆ.”

ಈಗ ಮುನ್ನುಡಿಗೆ ತಕ್ಕಂತೆ ಪರಿವಿಡಿಯ ಕ್ರಮವೂ ಬದಲಾಯಿತು. ಏಳನೇ ಲೇಖನ ಮೊದಲಿಗೆ ಬಂತು. ಅವನು ಖುಷಿಯಿಂದ ತೆರೆದ. ಅದರ ಮೊದಲ ವಾಕ್ಯ: ‘ಹಿಂದಿನ ಲೇಖನಗಳಲ್ಲಿ ನೋಡಿದಂತೆ...’