ಸ್ಲಿಪ್‌ನಲ್ಲಿ ಹೆಚ್ಚಾಗಿ ಬಂದ ಸಾವಿರ ರೂಪಾಯಿ

"ಅತ್ತೆ, ಗಣಪತಿ ಸಮಿತಿ ದುಡ್ಡನ್ನ ದೊಡ್ಡಪ್ಪ ಬ್ಯಾಂಕಿಗೆ ಕಟ್ಟಿದ ಸ್ಲಿಪ್ ಫೋಟೋ ಹಾಕಿದ್ದೀನಿ. ನೋಟು ಕೂಡಿದ್ರೆ 46,150 ಬರ್ತಿದೆ, ಕೆಳಗೆ ಟೋಟಲ್ 45,150 ಅಂತಿದೆ. ಎರಡು ಐನೂರರ ನೋಟು ಕಡಿಮೆ ಕಟ್ಟಿದ್ದಾರಾ?"

ಇಲ್ಲ ಪುಟ್ಟ, ದುಡ್ಡು ಸರಿಯಾಗಿಯೇ ಇದೆ. ನೀನು ಓದಿದ್ದರಲ್ಲಿ ಎರಡು ಕಡೆ ತಪ್ಪಾಗಿದೆ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಫೋಟೋ ದೊಡ್ಡದು ಮಾಡಿ ನೋಡಿದೆ, ಸ್ವಲ್ಪ ಉದ್ದ ಆಗುತ್ತೆ, ಕೇಳು.

ನೀನು ಎಷ್ಟು ನೋಟು ಅನ್ನೋ ಕಾಲಂ ಮಾತ್ರ ಓದಿ ಗುಣಿಸಿದ್ದೀಯ ಅಲ್ವಾ? ಅದರ ಪಕ್ಕದಲ್ಲೇ ದೊಡ್ಡಪ್ಪ ಪ್ರತಿ ಸಾಲಿಗೂ ಮೊತ್ತ ಬರೆದಿದ್ದಾರೆ, ಅದನ್ನ ನೋಡೇ ಇಲ್ಲ. ಕೊನೆಯ ಟೋಟಲ್‌ಗೆ ಹೋಗೋ ಮುಂಚೆ ಒಂದೊಂದು ಸಾಲನ್ನೂ ಅಡ್ಡಡ್ಡ ಮುಗಿಸಬೇಕು. ನಾನು ಕ್ಯಾಶ್ ಕೌಂಟರ್‌ನಲ್ಲಿ ಕೂತಿದ್ದಷ್ಟು ವರ್ಷವೂ ಮಾಡಿದ್ದು ಅದನ್ನೇ.

ಐನೂರರ ಸಾಲು ನೋಡು. ನೀನು 61 ಅಂತ ಓದಿದ್ದೀಯ, ಹಾಗಾದರೆ 30,500 ಆಗಬೇಕು. ಪಕ್ಕದಲ್ಲಿ 33,500 ಅಂತ ಚೆನ್ನಾಗಿ ಕಾಣುತ್ತಿದೆ. ಐನೂರರಿಂದ ಭಾಗಿಸು, 67. ದೊಡ್ಡಪ್ಪನ ಏಳಕ್ಕೆ ತಲೆ ತುಂಬಾ ಚಿಕ್ಕದು, ಫೋಟೋದಲ್ಲಿ ಒಂದರ ಹಾಗೇ ಕಾಣುತ್ತೆ. ಸರಿ, ಇದನ್ನ ತಿದ್ದಿದರೆ ಏನಾಗುತ್ತೆ? ನಿನ್ನ ಟೋಟಲ್ 49,150ಕ್ಕೆ ಏರುತ್ತೆ. ವ್ಯತ್ಯಾಸ ಸಾವಿರ ಇದ್ದದ್ದು ನಾಲ್ಕು ಸಾವಿರ ಆಯ್ತು! ಇಲ್ಲೇ ಎಲ್ಲರೂ ಹೆದರಿ, ತಿದ್ದಿದ್ದೇ ತಪ್ಪಿರಬೇಕು ಅಂತ ವಾಪಸ್ 61 ಮಾಡಿಬಿಡುತ್ತಾರೆ. ಮಾಡಬೇಡ. ಆ ಸಾಲಿಗೆ ಅದರದ್ದೇ ಸಾಕ್ಷಿ ಇದೆ, ಹಾಗಾಗಿ ಅದು ಮುಗಿಯಿತು. ತಪ್ಪು ಇನ್ನೊಂದು ಸಾಲಿನಲ್ಲಿದೆ ಅಂತ ಅರ್ಥ.

ಅದು ನೂರರ ಸಾಲು. ನೀನು 82 ಅಂದಿದ್ದೀಯ. ಇಲ್ಲಿ ಕಷ್ಟ ಏನಂದ್ರೆ ಮೊತ್ತದ ಮೊದಲ ಅಂಕಿ ಮೇಲೇ ಕಾಗದದ ಮಡಿಕೆ ಬಂದಿದೆ, ಬರೀ 200 ಅಂತ ಬಾಲ ಕಾಣುತ್ತೆ. ಅದು 8,200 ಇರಬಹುದು, 4,200ನೂ ಇರಬಹುದು. ಈಗ ಆ ನಾಲ್ಕು ಸಾವಿರ ಉಪಯೋಗಕ್ಕೆ ಬಂತು. ನಾಲ್ಕು ಸಾವಿರ ಅಂದ್ರೆ ನೂರರ ನಲವತ್ತು ನೋಟು. 82ರಲ್ಲಿ ನಲವತ್ತು ಕಳೆ, 42. ದೊಡ್ಡಪ್ಪ ಮಿಕ್ಕ ಅಂಕಿ ಎಲ್ಲಾ ಇಂಗ್ಲಿಷ್‌ನಲ್ಲಿ ಬರೆದರೂ ನಾಲ್ಕು ಮಾತ್ರ ಕನ್ನಡದ್ದೇ ಬರೆಯುತ್ತಾರೆ, ೪ ಅಂತ. ನೀನು ಅದನ್ನ ಎಂಟು ಅಂದುಕೊಂಡೆ. ಕೆಳಗಿನ ಟೋಟಲ್‌ನ ಮೊದಲ ಅಂಕಿಯೂ ಅದೇ ಆಕಾರ ಇದೆ ನೋಡು, ಅದನ್ನ ಮಾತ್ರ ನಾಲ್ಕು ಅಂತಲೇ ಓದಿದ್ದೀಯ! ಅಕ್ಷರದಲ್ಲೂ ನಲವತ್ತೈದು ಸಾವಿರದ ನೂರ ಐವತ್ತು ಅಂತ ಬರೆದಿದ್ದಾರೆ, ಹಾಗಾಗಿ ಟೋಟಲ್ ಬಗ್ಗೆ ಅನುಮಾನ ಇಲ್ಲ.

ಈಗ ಕೂಡು. ಐನೂರು 67ಕ್ಕೆ 33,500, ಇನ್ನೂರು 31ಕ್ಕೆ 6,200, ನೂರು 42ಕ್ಕೆ 4,200, ಐವತ್ತು 13ಕ್ಕೆ 650, ಇಪ್ಪತ್ತು 15ಕ್ಕೆ 300, ಹತ್ತು 22ಕ್ಕೆ 220, ಚಿಲ್ಲರೆ 80. ಒಟ್ಟು 45,150. ಚಿಲ್ಲರೆ ಸಾಲಿನ 80 ರೂಪಾಯಿ ಲೆಕ್ಕ, ಎಂಬತ್ತು ನಾಣ್ಯ ಅಂತ ಶೀಟಿನಲ್ಲಿ ಹಾಕಬೇಡ.

ಹಾಂ, ಇನ್ನೂರರ ಸಾಲು ನೀನು ಸರಿಯಾಗಿ ಓದಿದ್ದೀಯ, ಅದಕ್ಕೆ ಶಭಾಷ್. ಅದು ಹಳೇ ಸ್ಲಿಪ್ ಬುಕ್ಕು, ಇನ್ನೂರರ ನೋಟು ಬಂದದ್ದೇ 2017ರಲ್ಲಿ, ಅದಕ್ಕೇ ಅಚ್ಚಾಗಿದ್ದ 1000 ಹೊಡೆದುಹಾಕಿ ಪಕ್ಕದಲ್ಲಿ 200 ಬರೆದಿದ್ದಾರೆ. ಆ ಗೀಟು ಫೋಟೋದಲ್ಲಿ ಮಸುಕಾಗಿದ್ದರೆ ಮೂವತ್ತೊಂದು ಸಾವಿರ ಅಂತ ಓದಿಬಿಡುತ್ತಿದ್ದೆ.

ಇನ್ನೊಂದು ಮಾತು. ಟೋಟಲ್ ಕೂಡಿಬಂತು ಅಂದ ಮಾತ್ರಕ್ಕೆ ನೋಟಿನ ಸಂಖ್ಯೆ ಸರಿ ಅಂತಲ್ಲ. ದೊಡ್ಡಪ್ಪ ಐವತ್ತರ ಎರಡು ನೋಟನ್ನ ಬಿಟ್ಟು ನೂರರಲ್ಲಿ ಒಂದು ಜಾಸ್ತಿ ಬರೆದಿದ್ದರೂ ಸಾಲೂ ಕೂಡುತ್ತೆ, ಟೋಟಲ್ಲೂ ಕೂಡುತ್ತೆ. ಅದು ಕಾಗದದಲ್ಲಿ ಸಿಗೋ ತಪ್ಪಲ್ಲ, ನೋಟು ಎಣಿಸಿದವರಿಗೆ ಮಾತ್ರ ಗೊತ್ತಾಗುತ್ತೆ. ಸಮಿತಿಗೆ ಬೇಕಿರೋದು ಮೊತ್ತ ತಾನೇ, ಅದು ಸರಿ ಇದೆ.

ಮಡಿಕೆ ಬಿಡಿಸಿ, ಫ್ಲ್ಯಾಶ್ ಇಲ್ಲದೆ ಕಿಟಕಿ ಹತ್ತಿರ ಇಟ್ಟು ನೂರರ ಸಾಲಿನದ್ದು ಮಾತ್ರ ಇನ್ನೊಂದು ಫೋಟೋ ತೆಗೆದು ನನಗೆ ಕಳಿಸು, 4,200 ಇದೆಯಾ ಅಂತ ಕಣ್ಣಾರೆ ನೋಡಿಬಿಡೋಣ. ಮತ್ತೆ ಗ್ರೂಪ್‌ನಲ್ಲಿ ಹಾಕಿರೋ ಈ ಫೋಟೋ ತೆಗೆದುಬಿಡು, ಅಕೌಂಟ್ ನಂಬರ್, ದೊಡ್ಡಪ್ಪನ ಸಹಿ ಎರಡೂ ಕಾಣುತ್ತಿದೆ.