ಕೋಳಿ ಬಿಟ್ಟರೂ ನಿಲ್ಲದ ಕೆರೆತ

ಚಿನ್ನುವಿನ ಮನೆಯವರು, ಮೈಸೂರು: ನಮ್ಮ ಲ್ಯಾಬ್ರಡಾರ್ ಚಿನ್ನುವಿಗೆ ಎರಡು ವರ್ಷ, ತೂಕ 28 ಕಿಲೊ. ಎಂಟು ತಿಂಗಳ ಮರಿಯಾಗಿದ್ದಾಗಿನಿಂದ ವರ್ಷವಿಡೀ ಪಾದ ನೆಕ್ಕುತ್ತಾಳೆ, ಕಿವಿ ಕೆರೆದುಕೊಳ್ಳುತ್ತಾಳೆ. ಕೋಳಿ ನಿಲ್ಲಿಸಿ, ಅಂಗಡಿಯಿಂದ ತಂದ ಧಾನ್ಯರಹಿತ ಕುರಿಮಾಂಸದ ಒಣ ಆಹಾರವನ್ನು ಮೂರು ವಾರ ಹಾಕಿದೆವು. ಏನೂ ಬದಲಾಗಲಿಲ್ಲ. ಇದು ಆಹಾರದ ಅಲರ್ಜಿಯಲ್ಲ, ಧೂಳಿನದು ಎಂದುಕೊಳ್ಳಬಹುದೇ?

ಪಶುವೈದ್ಯರು: ಸದ್ಯಕ್ಕೆ ಎರಡನ್ನೂ ಹೇಳಲು ಬರುವುದಿಲ್ಲ. ಮೊದಲು ಇಷ್ಟು ತಿಳಿಸಿ: ದಿನಕ್ಕೆ ಎಷ್ಟು ಬಾರಿ ಮಲ ವಿಸರ್ಜಿಸುತ್ತಾಳೆ? ಯಾವುದಾದರೂ ತಿಂಗಳು ಕೆರೆತ ಪೂರ್ತಿ ನಿಲ್ಲುತ್ತದೆಯೇ? ಆ ಮೂರು ವಾರ ಒಣ ಆಹಾರವಲ್ಲದೆ ಬಾಯಿಗೆ ಬೇರೇನು ಬಿತ್ತು? ಯಾರು ಕೊಟ್ಟದ್ದಾದರೂ ಸರಿ, ಹೇಳಿ.

ಚಿನ್ನುವಿನ ಮನೆಯವರು: ನಾಲ್ಕೈದು ಬಾರಿ, ಕೊನೆಯದು ಸ್ವಲ್ಪ ತೆಳ್ಳಗಿರುತ್ತದೆ. ಕೆರೆತ ಯಾವ ತಿಂಗಳೂ ನಿಲ್ಲುವುದಿಲ್ಲ. ರಾತ್ರಿ ಅತ್ತೆಯವರು ಎರಡು ತುತ್ತು ಮೊಸರನ್ನ ಕೊಡುತ್ತಾರೆ, ಮಾತ್ರೆಯನ್ನು ಬೆಣ್ಣೆಯಲ್ಲಿ ಮುಚ್ಚಿ ನುಂಗಿಸುತ್ತೇವೆ. ಗೇಟಿನ ಕಾವಲುಗಾರರು ಬೆಳಿಗ್ಗೆ ಒಂದು ಬಿಸ್ಕತ್ತು ಹಾಕುತ್ತಾರೆ. ಇವೆಲ್ಲ ಲೆಕ್ಕಕ್ಕೆ ಬರುತ್ತವೆಯೇ?

ರಾಕಿಯ ಯಜಮಾನರು: ಇಷ್ಟೆಲ್ಲ ಏಕೆ? ರಕ್ತಪರೀಕ್ಷೆ ಮಾಡಿಸಿ, ಒಂದೇ ದಿನದಲ್ಲಿ ಪಟ್ಟಿ ಕೈಗೆ ಬರುತ್ತದೆ. ನಮ್ಮ ರಾಕಿಗೆ ಗೋಧಿ, ಅಕ್ಕಿ, ಕ್ಯಾರೆಟ್, ಮೀನು ಎಲ್ಲವೂ ಅಲರ್ಜಿ ಎಂದು ಬಂತು. ಗೋಧಿ ಬಿಟ್ಟ ಮೇಲೆ ವಾಸಿಯಾದ. ಧಾನ್ಯವೇ ಶತ್ರು.

ಪಶುವೈದ್ಯರು: ಗೋಧಿಯಿಂದ ಅಲರ್ಜಿಯಾಗುವ ನಾಯಿಗಳಿವೆ, ಆ ಮಾತು ಸರಿ. ಆದರೆ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಅದಕ್ಕಿಂತ ಹೆಚ್ಚಾಗಿ ಕಾಣಿಸುತ್ತವೆ. ರಕ್ತ, ಜೊಲ್ಲು, ಕೂದಲು ನೋಡಿ ಆಹಾರದ ಅಲರ್ಜಿ ಹೇಳುವ ಪರೀಕ್ಷೆಗಳನ್ನು ನಾನು ನಂಬುವುದಿಲ್ಲ. ಏನೂ ಕೆರೆತವಿಲ್ಲದ ನಾಯಿಯಲ್ಲೂ ಅವು ಹತ್ತು ಪದಾರ್ಥಗಳನ್ನು ತಪ್ಪಿತಸ್ಥರೆಂದು ತೋರಿಸುತ್ತವೆ. ನಿಮ್ಮ ರಾಕಿ ಆ ಪಟ್ಟಿಯಲ್ಲಿದ್ದ ಅಕ್ಕಿಯನ್ನು ಈಗಲೂ ತಿನ್ನುತ್ತಾನೆಯೇ?

ರಾಕಿಯ ಯಜಮಾನರು: ದಿನವೂ ತಿನ್ನುತ್ತಾನೆ.

ಪಗ್ ಸಾಕಿದವರು, ಧಾರವಾಡ: ನಮ್ಮದಕ್ಕೂ ಇದೇ ತೊಂದರೆ, ಆದರೆ ಮಳೆಗಾಲ ಶುರುವಾದ ಮೇಲೆ ಮಾತ್ರ. ಬೇಸಿಗೆಯಲ್ಲಿ ಆರಾಮವಾಗಿರುತ್ತದೆ. ನಾವೂ ಆಹಾರ ಬದಲಿಸಬೇಕೇ?

ಪಶುವೈದ್ಯರು: ನಿಮ್ಮದು ಬೇರೆ ಕಥೆ. ವರ್ಷವಿಡೀ ಒಂದೇ ಊಟ ಮಾಡುತ್ತಾ ನಾಲ್ಕು ತಿಂಗಳು ಮಾತ್ರ ಕೆರೆದುಕೊಳ್ಳುವ ನಾಯಿಯಲ್ಲಿ ಊಟದ ಮೇಲೆ ಗುಮಾನಿ ಕಡಿಮೆ. ಕಾಂಗ್ರೆಸ್ ಕಳೆ, ಹುಲ್ಲಿನ ಪರಾಗ, ತೇವದಲ್ಲಿ ಬೆಳೆಯುವ ಬೂಷ್ಟು, ಚಿಗಟ, ಇವನ್ನು ಮೊದಲು ನೋಡಿಸಿ.

ಈಗ ಚಿನ್ನು. ಒಂದು ವರ್ಷದೊಳಗೆ ಶುರುವಾದದ್ದು, ಬಿಡುವಿಲ್ಲದ ಕೆರೆತ, ಪದೇ ಪದೇ ಮಲ, ಈ ಮೂರೂ ಸೇರಿದಾಗ ನನ್ನ ಗುಮಾನಿ ಊಟದ ಕಡೆಗೆ ವಾಲುತ್ತದೆ. ಆದರೂ ಅದು ಗುಮಾನಿಯಷ್ಟೇ. ಮನೆಧೂಳಿನ ನುಸಿಯ ಅಲರ್ಜಿಯೂ ವರ್ಷವಿಡೀ ಇರುತ್ತದೆ, ಅದೂ ಪಾದ, ಕಿವಿ, ಹೊಟ್ಟೆಯನ್ನೇ ಹಿಡಿಯುತ್ತದೆ. ಚರ್ಮ ನೋಡಿ ಇದು ಇಂಥದ್ದೇ ಎಂದು ಬೇರ್ಪಡಿಸಲು ನನ್ನಿಂದಲೂ ಆಗದು. ಅದಕ್ಕಾಗಿಯೇ ಆಹಾರ ಪರೀಕ್ಷೆ ಇರುವುದು. ನೀವು ಮಾಡಿದ್ದು ಪರೀಕ್ಷೆಯಲ್ಲ, ಬ್ರಾಂಡ್ ಬದಲಾವಣೆ. ಮೊಸರು, ಬೆಣ್ಣೆ, ಬಿಸ್ಕತ್ತು ಖಂಡಿತ ಲೆಕ್ಕಕ್ಕೆ ಬರುತ್ತವೆ, ಹಾಲು ಒಂದು ದಿನವೂ ನಿಂತಿರಲಿಲ್ಲ. ಅಂಗಡಿಯ ಒಣ ಆಹಾರದಲ್ಲಿ ಚೀಲದ ಮೇಲೆ ಹೆಸರಿಲ್ಲದ ಮಾಂಸ ಬೆರೆತಿರುವುದೂ ಹಲವು ಸಲ ಪತ್ತೆಯಾಗಿದೆ.

ಶುರು ಮಾಡುವ ಮೊದಲು ಎರಡು ಕೆಲಸಗಳಿವೆ. ಚಿಗಟದ ಔಷಧ ತಪ್ಪದೆ ಹಾಕಿ. ಪಾದ ಮತ್ತು ಕಿವಿಯ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಇದ್ದರೆ ಅದಕ್ಕೆ ಚಿಕಿತ್ಸೆ ಮುಗಿಸಿ. ಸೋಂಕು ಉಳಿದಿದ್ದರೆ ಊಟ ಎಷ್ಟೇ ಸರಿಯಿದ್ದರೂ ಅವಳು ಕೆರೆದುಕೊಳ್ಳುತ್ತಲೇ ಇರುತ್ತಾಳೆ.

ಆಮೇಲೆ ಅವಳು ಹಿಂದೆಂದೂ ತಿನ್ನದ ಒಂದು ಮಾಂಸ, ಜೊತೆಗೆ ಒಂದೇ ಪಿಷ್ಟ. ಉದಾಹರಣೆಗೆ ಚೆನ್ನಾಗಿ ಬೇಯಿಸಿದ ಹಂದಿಮಾಂಸ ಮತ್ತು ಗೆಣಸು. ಉಪ್ಪು, ಅರಿಶಿನ, ಎಣ್ಣೆ ಏನೂ ಬೇಡ. ಕೋಳಿ ಆಗದಿದ್ದರೆ ಬಾತುಕೋಳಿ ಹಾಕೋಣ ಎನ್ನುವವರಿದ್ದಾರೆ, ಆದರೆ ಹಕ್ಕಿಗಳ ಪ್ರೋಟೀನ್‌ಗಳು ಒಂದನ್ನೊಂದು ಹೋಲುವುದರಿಂದ ನಾನು ಅದನ್ನು ಆರಿಸುವುದಿಲ್ಲ. ಒಂದು ವಾರದಲ್ಲಿ ಹಳೆಯದನ್ನು ಕಡಿಮೆ ಮಾಡುತ್ತಾ ಹೊಸದಕ್ಕೆ ಬನ್ನಿ. ಹೊಸದೊಂದೇ ಉಳಿದ ದಿನದಿಂದ ಎಂಟು ವಾರ ಎಣಿಸಿ. ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಅಷ್ಟರೊಳಗೆ ಸುಧಾರಿಸುತ್ತವೆ. ಮೂರು ವಾರಕ್ಕೆ ಕೈಬಿಟ್ಟರೆ ಬಹಳಷ್ಟು ತಪ್ಪಿಹೋಗುತ್ತವೆ.

ಚಿನ್ನುವಿನ ಮನೆಯವರು: ನಮ್ಮ ಮನೆಯಲ್ಲಿ ಹಂದಿಮಾಂಸ ಬೇಯಿಸುವುದು ಆಗದ ಮಾತು. ಕೋಳಿಯನ್ನೇ ಹಿತ್ತಿಲಿನ ಬೇರೆ ಒಲೆಯಲ್ಲಿ ಬೇಯಿಸುತ್ತಿದ್ದೆವು.

ಪಶುವೈದ್ಯರು: ಹಾಗಾದರೆ ವೈದ್ಯರ ಚೀಟಿಯ ಮೇಲೆ ಸಿಗುವ, ಚೀಲದ ಮೇಲೆ ಹೈಡ್ರೊಲೈಸ್ಡ್ ಎಂದಿರುವ ಆಹಾರ ತನ್ನಿ. ಅದರಲ್ಲಿ ಪ್ರೋಟೀನ್ ಎಷ್ಟು ಚೂರಾಗಿರುತ್ತದೆಂದರೆ ದೇಹ ಅದನ್ನು ಗುರುತಿಸುವ ಸಂಭವ ಕಡಿಮೆ. ದುಬಾರಿ, ನಿಜ. ಕೋಳಿಯಿಂದ ಮಾಡಿದ್ದಾದರೆ ಕೋಳಿಯ ಅಲರ್ಜಿಯಿರುವ ಕೆಲವು ನಾಯಿಗಳಿಗೆ ಅದೂ ಒಗ್ಗುವುದಿಲ್ಲ. ಸೋಯಾ ಅಥವಾ ಮೀನಿನಿಂದ ಮಾಡಿದ್ದು ಸಿಕ್ಕರೆ ಒಳ್ಳೆಯದು. ಬಹುಮಾನದ ತುಣುಕೆಂದರೆ ಅದೇ ಚೀಲದ ಒಂದು ಕಾಳು. ಕಾವಲುಗಾರರ ಕೈಗೂ ಅದೇ ಕಾಳುಗಳ ಒಂದು ಡಬ್ಬಿ ಕೊಡಿ. ಕೊಡಬೇಡಿ ಎನ್ನುವುದಕ್ಕಿಂತ ಇದನ್ನು ಕೊಡಿ ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ.

ಮಡಿಕೇರಿಯ ಸದಸ್ಯೆ: ನಮಗೆ ಹಂದಿಯೇ ಮನೆಯ ಊಟ, ನಾಯಿಗೂ ಅದೇ. ಹಾಗಾಗಿ ನಮ್ಮ ನಾಯಿಗೆ ಅದು ಹೊಸದಲ್ಲ, ಅಲ್ಲವೇ?

ಪಶುವೈದ್ಯರು: ಅಲ್ಲ. ಹೊಸದು ಯಾವುದೆಂದು ನಾಯಿಯ ತಟ್ಟೆಯ ಇತಿಹಾಸವೇ ಹೇಳಬೇಕು.

ಚಿನ್ನುವಿನ ಮನೆಯವರಿಗೆ ನನ್ನ ಬಳಿ ಬಂದ ಒಂದು ಬೀಗಲ್‌ನ ಕಥೆ ಹೇಳುತ್ತೇನೆ. ಮನೆಯವರು ಪ್ರತಿ ಭಾನುವಾರ ಕೆರೆತಕ್ಕೆ ಹತ್ತರಲ್ಲಿ ಅಂಕ ಹಾಕುತ್ತಿದ್ದರು. ಶುರುವಿನಲ್ಲಿ ಎಂಟು. ಮೊದಲ ಮೂರು ವಾರ ಸ್ಟೀರಾಯ್ಡ್ ಮಾತ್ರೆಯೂ ಇತ್ತು, ಅಂಕ ಮೂರಕ್ಕೆ ಇಳಿಯಿತು. ಮಾತ್ರೆ ನಿಲ್ಲಿಸಿದ ಮೇಲೂ ಅಷ್ಟೇ ಇತ್ತು, ಆರನೆಯ ವಾರ ಏಕಾಏಕಿ ಏಳಾಯಿತು. ಎರಡು ದಿನ ಕೆದಕಿದಾಗ ಸಿಕ್ಕಿದ್ದು ಮಾಂಸದ ರುಚಿ ಹಚ್ಚಿದ, ಜಗಿಯುವ ಜಂತುಹುಳದ ಮಾತ್ರೆ. ಔಷಧವಲ್ಲವೇ ಎಂದು ಯಾರೂ ಅದನ್ನು ಊಟದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಲ್ಲಿಂದ ಮತ್ತೆ ಎಣಿಕೆ ಶುರು. ಎಂಟನೆಯ ವಾರದ ಕೊನೆಗೆ ಅಂಕ ಎರಡು.

ಬಹುತೇಕರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಇಳಿದದ್ದು ಊಟದಿಂದಲೋ, ಋತು ಬದಲಾದದ್ದರಿಂದಲೋ, ಸೋಂಕು ವಾಸಿಯಾದದ್ದರಿಂದಲೋ? ತಿಳಿಯಲು ಹಳೆಯ ಪದಾರ್ಥಗಳನ್ನು ಮತ್ತೆ ಒಂದೊಂದಾಗಿ ಕೊಡಬೇಕು, ಪ್ರತಿಯೊಂದಕ್ಕೂ ಎರಡು ವಾರ. ಬೀಗಲ್‌ಗೆ ಹೀಗೆ ಕೋಳಿ ಕೊಟ್ಟೆವು, ಹದಿನಾಲ್ಕು ದಿನವೂ ಅಂಕ ಎರಡೇ. ಆಮೇಲೆ ಮೊಸರು. ಮೂರನೆಯ ದಿನ ಆರು. ಮೊಸರು ನಿಲ್ಲಿಸಿದೆವು, ವಾರದೊಳಗೆ ಮತ್ತೆ ಎರಡು. ಎರಡು ವರ್ಷ ಕೋಳಿಯನ್ನು ದೂರಿ ಮೊಸರನ್ನ ಹಾಕುತ್ತಿದ್ದ ಮನೆ ಅದು.

ರಾಕಿಯ ಯಜಮಾನರು: ಚೆನ್ನಾಗಿರುವ ನಾಯಿಗೆ ಬೇಕೆಂದೇ ಕೆರೆತ ಬರಿಸುವುದೇ? ನನ್ನಿಂದಾಗದು.

ಪಶುವೈದ್ಯರು: ಹಾಗೆನ್ನಿಸುವುದು ಸಹಜ. ಕೆರೆತ ಏರಿದ ಕೂಡಲೇ ನಿಲ್ಲಿಸುತ್ತೇವೆ. ಇದನ್ನು ಮಾಡದಿದ್ದರೆ ನಾಯಿ ಜೀವನಪೂರ್ತಿ ಕಾರಣವಿಲ್ಲದೆ ಪಥ್ಯದಲ್ಲಿರಬಹುದು. ಬರೀ ಹಂದಿಮಾಂಸ, ಗೆಣಸಿನಲ್ಲಿ ಕ್ಯಾಲ್ಸಿಯಂ ಸಾಲದು. ವಯಸ್ಕ ನಾಯಿಗೆ ಪರೀಕ್ಷೆಯ ಅವಧಿಯ ಮಟ್ಟಿಗೆ ಸರಿ, ಬೆಳೆಯುವ ಮರಿಗೆ ಸಲ್ಲದು.

ಚಿನ್ನುವಿನ ಮನೆಯವರು: ಎಂಟು ವಾರಕ್ಕೂ ಅರ್ಧ ಮಾತ್ರ ಇಳಿದರೆ?

ಪಶುವೈದ್ಯರು: ಆ ಬೀಗಲ್‌ನ ಉಳಿದ ಎರಡು ಅಂಕ ಎಲ್ಲಿಂದ ಬರುತ್ತಿವೆ ಎಂದು ನಾನೂ ಇನ್ನೂ ಹುಡುಕುತ್ತಿದ್ದೇನೆ. ಕೆಲವು ನಾಯಿಗಳಿಗೆ ಊಟವೂ ಆಗುವುದಿಲ್ಲ, ಧೂಳೂ ಆಗುವುದಿಲ್ಲ. ಅರ್ಧ ಇಳಿದರೂ ಹಳೆಯ ಊಟ ಕೊಟ್ಟು ನೋಡಿ. ಏರಿದರೆ ಆ ಅರ್ಧ ಊಟದ್ದು, ಉಳಿದದ್ದಕ್ಕೆ ಬೇರೆ ಚಿಕಿತ್ಸೆ ಮಾಡೋಣ. ಚಿನ್ನುವಿಗೆ ಈಚೆಗೆ ಕೆರೆತದ ಚುಚ್ಚುಮದ್ದು ಕೊಡಿಸಿದ್ದೀರಾ?

ಚಿನ್ನುವಿನ ಮನೆಯವರು: ಹತ್ತು ದಿನದ ಹಿಂದೆ ಒಂದು ಕೊಟ್ಟರು. ಹೆಸರು ಬರೆದುಕೊಂಡಿಲ್ಲ.

ಪಶುವೈದ್ಯರು: ಅದನ್ನು ಕೇಳಿಕೊಂಡು ಬನ್ನಿ. ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್ ಆಗಿದ್ದರೆ ಅದರ ಪ್ರಭಾವ ವಾರಗಟ್ಟಲೆ ಇರುತ್ತದೆ, ಅದು ಇಳಿಯುವವರೆಗೆ ಭಾನುವಾರದ ಅಂಕಕ್ಕೆ ಬೆಲೆಯಿಲ್ಲ.