ಪದಚರ್ಚೆ: ಬ್ಲೇಜರಿನ ‘ಲ್ಯಾಪೆಲ್’, ‘ಶೋಲ್ಡರ್ ಲೈನ್’ (ತುರ್ತು)

ವಸುಧಾ:
ಎಲ್ಲರಿಗೂ ನಮಸ್ಕಾರ. ಹೊಲಿಗೆ ತರಬೇತಿ ಕೇಂದ್ರವೊಂದರ ಗೋಡೆಗೆ ಹಾಕುವ ಪಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇವತ್ತು ಸಂಜೆ 5ಕ್ಕೆ ಅಚ್ಚಿಗೆ ಹೋಗಬೇಕು. ಮೈಗೆ ಸರಿಯಾಗಿ ಕೂರದ ಚೌಕುಳಿ ಬ್ಲೇಜರನ್ನು ಆಲ್ಟರ್ ಮಾಡುವುದು ವಿಷಯ. ‘ಶೋಲ್ಡರ್ ಲೈನ್’ಗೆ ನಾನು ‘ಭುಜರೇಖೆ’ ಎಂದಿದ್ದೆ, ಪಟ ತಿದ್ದಿದವರು ‘ಹೆಗಲ ಗೆರೆ’ ಮಾಡಿದ್ದಾರೆ. ಕಾಲರಿಗೆ ಸೇರಿಕೊಂಡು ಎದೆಯ ಮೇಲೆ ಹೊರಕ್ಕೆ ಮಡಿಸಿರುವ ‘ಲ್ಯಾಪೆಲ್’ಗೆ ಏನೂ ಹೊಳೆದಿಲ್ಲ. ತಲೆಬರಹದಲ್ಲಿ ‘ಪ್ಯಾಟರ್ನ್ ವಾರ್ಪ್ ಆಗದಂತೆ’ ಎಂದಿದೆ, ಅದನ್ನು ಹೇಗೆ ಹೇಳಲಿ?

ಕಿರಣ:
ಹೆಗಲು. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಸಂಸ್ಕೃತದ ‘ಭುಜ’ ಎಂದರೆ ತೋಳು. ಹೆಗಲ ಹೊಲಿಗೆಗೂ ತೋಳ ಹೊಲಿಗೆಗೂ ವ್ಯತ್ಯಾಸ ಕಲಿಸಬೇಕಾದ ಪಟದಲ್ಲಿ ಆ ಪದ ಹಾಕುವುದೇ ತಪ್ಪು. ಹಳಗನ್ನಡದ ‘ಪೆಗಲ್’ ನಮ್ಮ ಬಾಯಲ್ಲಿ ಇನ್ನೂ ಬದುಕಿದೆ. ಲ್ಯಾಪೆಲ್‌ಗೆ ‘ಎದೆಮಡಿಕೆ’.

ರಾಘವೇಂದ್ರ:
ವಾರ್ಪ್ ಎಂದರೆ ಹಾಸು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು. ಆದ್ದರಿಂದ ‘ಹಾಸು ಕೆಡದಂತೆ’ ಎಂದು ಬರೆಯಿರಿ. ಹಾಸುಹೊಕ್ಕು ಎನ್ನುವ ಚೆಂದದ ಮಾತು ನಮ್ಮಲ್ಲೇ ಇರುವಾಗ ಬೇರೆ ಹುಡುಕುವುದೇಕೆ?

ಇಬ್ರಾಹಿಂ, ಮಂಗಳೂರು:
ವಸುಧಾ ಅವರೇ, ನಾನು ಕೋಟು ಹೊಲಿಯುವವನು, ಭಾಷೆ ಓದಿದವನಲ್ಲ. ಆದರೂ ಇಲ್ಲಿ ಕೆಲಸ ತಿಳಿಯದೆ ಪದ ಸಿಗುವುದಿಲ್ಲ.

ನಿಮ್ಮ ಪಟದ ‘ವಾರ್ಪ್’ ನೂಲಿನ ಮಾತಲ್ಲ. ಬ್ಲೇಜರಿನ ಎದೆಯಲ್ಲಿ ಅಡ್ಡ ಹಾಯುವ ಗೆರೆ ತೋಳಿನ ಮುಂಭಾಗದಲ್ಲೂ ಅದೇ ಮಟ್ಟದಲ್ಲಿ ಮುಂದುವರಿಯಬೇಕು. ಆಲ್ಟರ್ ಮಾಡಿದ ಮೇಲೆ ಅದು ತಪ್ಪಬಾರದು, ಅಷ್ಟೇ ಅವರು ಹೇಳುತ್ತಿರುವುದು. ನಾವು ಅಂಗಡಿಯಲ್ಲಿ ‘ಗೆರೆ ಕೂಡಬೇಕು’ ಎನ್ನುತ್ತೇವೆ. ಈ ಕೂಡುವಿಕೆಯನ್ನೂ ತೋಳಿನ ಮುಂಭಾಗದಲ್ಲಿ ಮಾತ್ರ ನೋಡಬೇಕು. ತೋಳಿನ ತಲೆಯ ಹತ್ತಿರ, ಅಂದರೆ ತೋಳು ಹೆಗಲಿಗೆ ಸೇರುವ ಮೇಲ್ತುದಿಯಲ್ಲಿ, ಹೆಚ್ಚಿನ ಬಟ್ಟೆಯನ್ನು ಆವಿಯಲ್ಲಿ ಕುಗ್ಗಿಸಿ ಕೂರಿಸಿರುತ್ತೇವೆ, ಅಲ್ಲಿ ಗೆರೆ ಕೂಡಲಾರದು.

ಹೆಗಲು ಇಳಿಜಾರಾಗಿರುವವರು ತೊಟ್ಟಾಗ ಕಾಲರಿನ ಬುಡದಿಂದ ಕಂಕುಳಿನ ಕಡೆಗೆ ಓರೆಯಾಗಿ ಸುಕ್ಕು ಬೀಳುತ್ತದೆ. ಹೊಸಬರು ಹೆಗಲ ಹೊಲಿಗೆ ಬಿಚ್ಚಿ, ತೋಳು ಸೇರುವ ತುದಿಯಲ್ಲಿ ಅರ್ಧ ಇಂಚು ಒಳಗೆ ಹಿಡಿದು, ಕಂಕುಳನ್ನೂ ಅರ್ಧ ಇಂಚು ಇಳಿಸಿ, ತೋಳನ್ನು ಹಾಗೆಯೇ ಕೂರಿಸುತ್ತಾರೆ. ಸುಕ್ಕು ಹೋಗುತ್ತದೆ. ಆದರೆ ತೋಳು ಎದೆಯ ಬಟ್ಟೆಗಿಂತ ಅರ್ಧ ಇಂಚು ಕೆಳಗೆ ಸರಿದಿರುತ್ತದೆ, ಗೆರೆ ಒಡೆಯುತ್ತದೆ. ಸಾದಾ ಬಟ್ಟೆಯಲ್ಲಿ ಯಾರಿಗೂ ತಿಳಿಯದು, ಚೌಕುಳಿಯಲ್ಲಿ ದೂರದಿಂದಲೇ ಕಾಣುತ್ತದೆ. ಇದಕ್ಕೆ ತೋಳಿನ ತಲೆಯನ್ನೂ ಅಷ್ಟೇ ಕತ್ತರಿಸಿ, ತೋಳಿನ ಕಂಕುಳನ್ನೂ ಅಷ್ಟೇ ಇಳಿಸಬೇಕು. ಆಗ ತೋಳು ಇದ್ದಲ್ಲೇ ಇರುತ್ತದೆ. ಕಡಿಮೆಯಾದ ಉದ್ದವನ್ನು ಮಣಿಕಟ್ಟಿನ ಮಡಿಕೆಯಿಂದ ಬಿಡಿಸಿಕೊಳ್ಳಬಹುದು. ವ್ಯತ್ಯಾಸ ಸಣ್ಣದಾದರೆ ನಾನು ಕತ್ತರಿಯನ್ನೇ ಮುಟ್ಟುವುದಿಲ್ಲ, ಒಳಗೆ ತೆಳು ಪ್ಯಾಡ್ ಸೇರಿಸಿ ಹೆಗಲನ್ನು ತುಂಬಿಸುತ್ತೇನೆ.

ಸುಮಿತ್ರಾ:
ನಮ್ಮ ಯಜಮಾನರ ಬ್ಲೇಜರ್ ಹೆಗಲು ಅಗಲವಾಗಿತ್ತು. ಆಲ್ಟರ್ ಮಾಡಿದವರು ಎರಡೂ ಕಡೆ ಸುಮಾರು ಒಂದೂವರೆ ಇಂಚು ತೆಗೆದರು. ಈಗ ಬೆನ್ನಿನಲ್ಲಿ ಸುಕ್ಕು, ಕೈ ಎತ್ತಿದರೆ ಇಡೀ ಕೋಟು ಮೇಲೆ ಬರುತ್ತದೆ. ಬಟ್ಟೆ ಸಾದಾ ನೀಲಿ. ಇದನ್ನು ಸರಿ ಮಾಡಬಹುದೇ, ಇಬ್ರಾಹಿಂ ಅವರೇ?

ಕಿರಣ:
ಇದು ಪದಚರ್ಚೆಯ ಗುಂಪು. ದಯವಿಟ್ಟು.

ಬಸವರಾಜ, ಬೆಳಗಾವಿ:
ಕೇಳ್ಲಿ ಬಿಡ್ರಿ ಕಿರಣ್, ಅಕ್ಕಾರು ಬಟ್ಟೀ ಮಾತೇ ಆಡ್ತಾರ. ಕಂಕುಳ ಸುತ್ತಿಗೆ ನಮ್ಮ ಕಡೆ ದರ್ಜಿಗಳು ‘ಮುಂಡಾ’ ಅಂತಾರ, ಮರಾಠಿ ಮಾತು. ಅದನ್ನೂ ಪಟದಾಗ ಹಾಕ್ರಿ.

ಕಿರಣ:
ಮರಾಠಿಯಿಂದ ಬಂದದ್ದು ಏಕೆ ಬೇಕು? ‘ಕಂಕುಳ ಸುತ್ತು’ ಇದೆಯಲ್ಲ. ಹೀಗೆಯೇ ಒಂದೊಂದಾಗಿ ನಮ್ಮ ಪದಗಳನ್ನು ಬಿಟ್ಟುಕೊಟ್ಟದ್ದು.

ಬಸವರಾಜ:
ಹಂಗಾದ್ರ ‘ಕಾಜಾ’ ಬಿಡ್ತೀರೇನು? ಪೋರ್ಚುಗೀಸರ ‘ಕಾಸಾ’, ಮನೆ ಅಂತ ಅರ್ಥ. ಹಿಂದಿ, ಮರಾಠಿಯೊಳಗ ‘ಕಾಜ’ ಆತು. ‘ದರ್ಜಿ’ ಪಾರಸಿ. ದರ್ಜೀನೂ ಬಿಟ್ಟು, ಕಾಜಾನೂ ಬಿಟ್ಟು, ಕೋಟು ಹೊಲಿಯೋದ್ಯಾರು?

ಕಿರಣ:
ಚಿಪ್ಪಿಗ ಹೊಲಿಯುತ್ತಾನೆ, ಗುಂಡಿಗೆ ‘ಗುಂಡಿಗಂಡಿ’ ಹೊಲಿಯುತ್ತಾನೆ. ಪದ ಇಲ್ಲದಿದ್ದರೆ ಕಟ್ಟಬೇಕು. ಬಳಸದೆ ಯಾವ ಪದವೂ ಊರುವುದಿಲ್ಲ.

ಇಬ್ರಾಹಿಂ:
‘ಗುಂಡಿಗಂಡಿ’ ನಾನು ಎಲ್ಲೂ ಕೇಳಿಲ್ಲ. ಕಾಜಾ ಎಂದರೆ ಕಲಿಯಲು ಬಂದ ಮೊದಲ ದಿನದ ಹುಡುಗನಿಗೂ ತಿಳಿಯುತ್ತದೆ.

ಸುಮಿತ್ರಾ ಅವರಿಗೆ: ಹೆಗಲ ಅಗಲವನ್ನು ಒಂದು ಕಡೆ ಅರ್ಧ ಇಂಚಿಗಿಂತ ಹೆಚ್ಚು ತೆಗೆಯಲು ನಾನು ಒಪ್ಪುವುದಿಲ್ಲ. ಬೆನ್ನಿನ ಅಗಲವೂ ಎದೆಯ ಅಗಲವೂ ಜೊತೆಗೇ ಹೋಗುತ್ತವೆ. ಕತ್ತರಿಸಿ ಎಸೆದಿದ್ದರೆ ಏನೂ ಮಾಡಲಾಗದು. ಬಟ್ಟೆಯನ್ನು ಒಳಗೇ ಮಡಚಿಟ್ಟಿದ್ದರೆ ಸ್ವಲ್ಪ ಬಿಡಿಸಬಹುದು. ಲೈನಿಂಗ್ ಬಿಚ್ಚಿಸಿ ನೋಡಿಸಿ.

ವಸುಧಾ ಅವರೇ, ತೋಳಿನ ಉದ್ದದ ಚಿತ್ರಕ್ಕೆ ಒಂದು ಮಾತು ಸೇರಿಸಿ. ಹೆಗಲ ಕೆಲಸ ಮುಗಿಯದೆ ತೋಳನ್ನು ಅಳೆಯಬಾರದು, ಹೆಗಲು ಒಳಗೆ ಸರಿದಷ್ಟೂ ತೋಳು ಮೇಲೇರುತ್ತದೆ. ಮಣಿಕಟ್ಟಿನ ಕಾಜಾ ಕತ್ತರಿಸಿರದಿದ್ದರೆ ಅಲ್ಲೇ ಮಡಚಿ ಗಿಡ್ಡ ಮಾಡಬಹುದು, ಮೇಲಿನ ಗೆರೆಗೆ ಏನೂ ಆಗದು. ಕತ್ತರಿಸಿದ್ದರೆ ತಲೆಯಿಂದಲೇ ತೆಗೆಯಬೇಕು, ಆಗ ಚೌಕುಳಿಯ ಲೆಕ್ಕ ಬರುತ್ತದೆ. ಚೌಕ ಒಂದೂವರೆ ಇಂಚಿನದು, ತೋಳು 1 ಇಂಚು ಹೆಚ್ಚು ಉದ್ದ ಎಂದಿಟ್ಟುಕೊಳ್ಳಿ. ಒಂದೇ ಇಂಚು ತೆಗೆದರೆ ಗೆರೆ ತಪ್ಪುತ್ತದೆ. ನಾನು ತಲೆಯಿಂದ ಇಡೀ ಒಂದು ಚೌಕ, ಅಂದರೆ ಒಂದೂವರೆ ಇಂಚು ತೆಗೆದು, ಮಣಿಕಟ್ಟಿನ ಮಡಿಕೆಯಿಂದ ಅರ್ಧ ಇಂಚು ಬಿಡಿಸಿಕೊಳ್ಳುತ್ತೇನೆ. ಗುಂಡಿಗಳು ಅಂಚಿನಿಂದ ಅರ್ಧ ಇಂಚು ದೂರವಾಗುತ್ತವೆ, ಅದನ್ನು ಯಾರೂ ಗಮನಿಸುವುದಿಲ್ಲ. ಆದರೆ ತೋಳು ಕೆಳಗೆ ಹೋದಂತೆ ಕಿರಿದಾಗುತ್ತದೆ. ತಲೆಯಿಂದ ಅಷ್ಟು ತೆಗೆದಾಗ ತೋಳಿನ ಅಗಲ ಸಾಲದೆ ಹೋದರೆ, ಮತ್ತು ಹೊಲಿಗೆಯೊಳಗೆ ಹೆಚ್ಚಿನ ಬಟ್ಟೆ ಇಲ್ಲದಿದ್ದರೆ, ಆ ಕೆಲಸಕ್ಕೆ ಕೈ ಹಾಕಬಾರದು.

ರಾಘವೇಂದ್ರ:
ಹಾಗಾದರೆ ಹಾಸಿನ ಮಾತಿಗೆ ಇಲ್ಲಿ ಜಾಗವೇ ಇಲ್ಲವೇ?

ಇಬ್ರಾಹಿಂ:
ಇದೆ, ಲ್ಯಾಪೆಲಿನಲ್ಲಿ. ಮೇಲ್ಮೈ ಬಟ್ಟೆಯ ಉದ್ದದ ಗೆರೆಯನ್ನು ಲ್ಯಾಪೆಲಿನ ಅಂಚಿಗೆ ಸಮಾಂತರವಾಗಿ ಇಟ್ಟಿರುತ್ತೇವೆ, ಅದು ಹಾಸಿನ ದಿಕ್ಕು. ಲ್ಯಾಪೆಲ್ ಅಗಲವಾಯಿತೆಂದು ಮೇಲೆ ಹೆಚ್ಚು, ಕೆಳಗೆ ಕಡಿಮೆ ಕತ್ತರಿಸಿದರೆ ಗೆರೆ ಓಡಿಬಂದು ಅಂಚಿನಲ್ಲಿ ಮಾಯವಾಗುತ್ತದೆ. ಉದ್ದಕ್ಕೂ ಒಂದೇ ಅಳತೆ ತೆಗೆಯಬೇಕು. ಲ್ಯಾಪೆಲ್ ಎದೆಯಿಂದ ಬಿಲ್ಲಿನಂತೆ ಎದ್ದು ನಿಂತಿದ್ದರೆ ಅಂಚನ್ನು ಮುಟ್ಟಲೇಬಾರದು. ಎದೆ ಬಿಗಿಯೋ ಎಂದು ಮೊದಲು ಗುಂಡಿ ಬಿಚ್ಚಿ ನೋಡಿ. ಬಿಚ್ಚಿದರೂ ಎದ್ದೇ ಇದ್ದರೆ, ಒಳಗೆ ಕ್ಯಾನ್ವಾಸ್ ಹೊಲಿದ ಕೋಟಿನಲ್ಲಿ ಮಡಿಕೆಯ ಸಾಲಿಗೆ ಒಳಗಿನಿಂದ ಟೇಪು ಇಟ್ಟು, ಕಾಲಿಂಚಿನಷ್ಟು ಎಳೆದು ಹಿಡಿದು ಕೈಯಲ್ಲಿ ಹೊಲಿಯುತ್ತೇವೆ. ಅಂಟಿಸಿದ ಬಕ್ರಂ ಇರುವ ರೆಡಿಮೇಡಿನಲ್ಲಿ ಇದು ಚೆನ್ನಾಗಿ ಬರುವುದಿಲ್ಲ, ಬಟ್ಟೆ ಗುಳ್ಳೆ ಎದ್ದೀತು.

ವಸುಧಾ:
ಇಬ್ರಾಹಿಂ ಅವರೇ, ತುಂಬಾ ಉಪಕಾರವಾಯಿತು. ತಲೆಬರಹ ‘ಚೌಕುಳಿಯ ಗೆರೆ ತಪ್ಪದಂತೆ’ ಎಂದಾಯಿತು. ‘ಹೆಗಲ ಹೊಲಿಗೆ’, ‘ತೋಳಿನ ತಲೆ’, ‘ಕಂಕುಳ ಸುತ್ತು’, ‘ಕಾಜಾ’ ಇಟ್ಟಿದ್ದೇನೆ. ‘ಲ್ಯಾಪೆಲ್’ ಹಾಗೆಯೇ ಇದೆ. ಅಚ್ಚಿನವರು ಕಾಯುತ್ತಿದ್ದಾರೆ.

ಕಿರಣ:
ಲ್ಯಾಪೆಲ್ ಬಿಟ್ಟದ್ದು ನನಗೆ ಒಪ್ಪಿಗೆ ಇಲ್ಲ. ಎದೆಯ ಮೇಲೆ ಮಡಿಸಿದ್ದು ಎದೆಮಡಿಕೆ, ಕೇಳಿದ ಕೂಡಲೇ ತಿಳಿಯುವ ಪದ.

ಇಬ್ರಾಹಿಂ:
ಪ್ಯಾಂಟಿನಲ್ಲಿ, ತೋಳಿನಲ್ಲಿ ಎಲ್ಲ ಕಡೆ ಮಡಿಕೆ ಇದೆ. ಎದೆಮಡಿಕೆ ಎಂದರೆ ನನ್ನ ಹುಡುಗರು ಎದೆಯಲ್ಲಿ ಹಿಡಿಯುವ ಪ್ಲೀಟ್ ಎಂದುಕೊಂಡಾರು.

ಬಸವರಾಜ:
ಖರೇ ಐತಿ. ಆದ್ರ ಕಿರಣ್ ಹೇಳಿದ್ದೂ ಕೆಟ್ಟಿಲ್ಲ. ಕಾಲರಿಗೆ ಹತ್ತಿದ್ದಂತ ತೋರಿಸೋ ಪದ ಯಾರರ ಹತ್ರ ಇದ್ರ ಹೇಳ್ರಿ.